ಪಾಪ್‌ಕಾರ್ನ್ ಸೀಯದಂತೆ, ಕಾಳು ಉಳಿಯದಂತೆ ಅರಳಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಪಾತ್ರೆಯಲ್ಲಿ ಕೆಲವು ಸೀದು ಹೋಗುತ್ತವೆ, ಕೆಲವು ಅರಳುವುದೇ ಇಲ್ಲ. ಯಾಕೆ ಹೀಗಾಗುತ್ತದೆ?

ಇವು ಎರಡು ತೊಂದರೆಗಳಂತೆ ಕಂಡರೂ ಕಾರಣ ಹೆಚ್ಚಾಗಿ ಒಂದೇ. ಕಾಳುಗಳು ಬೇರೆ ಬೇರೆ ಹೊತ್ತಿಗೆ ಕಾಯುತ್ತಿವೆ. ತಳಕ್ಕೆ ಚೆನ್ನಾಗಿ ತಾಗಿದ ಕಾಳು ಮೊದಲು ಅರಳುತ್ತದೆ. ಮೇಲೆ ಕೂತ ಕಾಳು ಇನ್ನೂ ಅರ್ಧ ಕಾದಿರುತ್ತದೆ. ಅದು ಅರಳಲಿ ಅಂತ ನಾವು ಕಾಯುತ್ತೇವೆ. ಅಷ್ಟರಲ್ಲಿ ಮೊದಲು ಅರಳಿದ್ದು ಬಿಸಿ ತಳದಲ್ಲೇ ಇದ್ದು ಸೀಯುತ್ತದೆ. ಸೀಯುತ್ತಿದೆ ಅಂತ ಬೇಗ ಇಳಿಸಿದರೆ ತಡವಾಗಿ ಕಾದ ಕಾಳು ಹಾಗೇ ಉಳಿಯುತ್ತದೆ.

ಹಾಗಾಗಿ ಮಾಡಬೇಕಾದದ್ದು ಒಂದೇ. ಎಲ್ಲಾ ಕಾಳೂ ಸುಮಾರು ಒಂದೇ ಹೊತ್ತಿಗೆ ಅರಳುವ ಬಿಸಿಗೆ ಬರಬೇಕು. ಕೆಳಗೆ ಹೇಳಿರುವ ಬಹುಪಾಲು ಉಪಾಯಗಳು ಇದಕ್ಕಾಗಿಯೇ ಇವೆ.

ಕಾಳು ಅರಳುವುದು ಎಷ್ಟು ಬಿಸಿಗೆ?

ಸುಮಾರು 180 ಡಿಗ್ರಿ ಸೆಲ್ಸಿಯಸ್‌ಗೆ. ಕಾಳಿನ ಒಳಗೆ ಪಿಷ್ಟ ಇದೆ, ಅದರ ಜೊತೆ ಸ್ವಲ್ಪ ನೀರೂ ಇದೆ. ಒಳ್ಳೆಯ ಪಾಪ್‌ಕಾರ್ನ್ ಕಾಳಿನ ತೂಕದಲ್ಲಿ ಸುಮಾರು 14% ನೀರೇ. ಹೊರಗಿನ ಸಿಪ್ಪೆ ಬಹಳ ಗಟ್ಟಿ, ಆವಿಯನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಹಾಗಾಗಿ ಪ್ರತಿ ಕಾಳೂ ಒಂದು ಪುಟ್ಟ ಪ್ರೆಶರ್ ಕುಕ್ಕರ್ ಇದ್ದಂತೆ. ಒಳಗಿನ ನೀರು 100 ಡಿಗ್ರಿ ದಾಟಿದರೂ ಹೊರಗೆ ಹೋಗಲು ದಾರಿಯಿಲ್ಲ. ಒತ್ತಡ ಏರುತ್ತಾ ಹೋಗಿ ಹೊರಗಿನ ಗಾಳಿಯ ಒತ್ತಡದ ಸುಮಾರು 9 ಪಟ್ಟು ಆದಾಗ ಸಿಪ್ಪೆ ಒಡೆಯುತ್ತದೆ. ಅಷ್ಟು ಹೊತ್ತಿಗೆ ಪಿಷ್ಟ ಬೆಂದು ಅಂಟಿನ ಹಾಗೆ ಆಗಿರುತ್ತದೆ. ಒತ್ತಡ ತಟ್ಟನೆ ಇಳಿದಾಗ ಅದು ನೊರೆಯಾಗಿ ಉಬ್ಬಿ, ಕೂಡಲೇ ಆರಿ ಗಟ್ಟಿಯಾಗುತ್ತದೆ. ನಾವು ತಿನ್ನುವುದು ಆ ಆರಿದ ನೊರೆಯನ್ನೇ.

ಫ್ರಾನ್ಸಿನ ಎಮ್ಯಾನುಯೆಲ್ ವಿರೋ ಮತ್ತು ಅಲೆಕ್ಸಾಂಡರ್ ಪೊನೊಮರೆಂಕೊ 2015ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಓವನ್‌ನಲ್ಲಿ ಕಾಳಿಟ್ಟು ಬಿಸಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ ನೋಡಿದರು. 170 ಡಿಗ್ರಿಯಲ್ಲಿ ಅರಳಿದ್ದು 34% ಕಾಳು. 180 ಡಿಗ್ರಿಯಲ್ಲಿ 96%. ಬರೀ ಹತ್ತು ಡಿಗ್ರಿಗೆ ಇಷ್ಟು ವ್ಯತ್ಯಾಸ! ಪಾತ್ರೆಯ ಒಂದು ಕಡೆ ಬಿಸಿ, ಇನ್ನೊಂದು ಕಡೆ ತುಸು ಕಮ್ಮಿ ಇದ್ದರೆ ಏನಾಗುತ್ತದೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಸೀಯಬಾರದು ಅಂತ ಸಣ್ಣ ಉರಿಯಲ್ಲಿ ಮಾಡಿದರೆ ಒಳ್ಳೆಯದಲ್ವಾ?

ಅಲ್ಲ. ಬಹಳಷ್ಟು ಮನೆಗಳಲ್ಲಿ ಕಾಳು ಉಳಿಯುವುದೇ ಇದರಿಂದ. ಕಾಳಿನ ಚೂಪು ತುದಿ, ಅಂದರೆ ತೆನೆಗೆ ಅಂಟಿಕೊಂಡಿದ್ದ ತೊಟ್ಟಿನ ಜಾಗ, ಸಿಪ್ಪೆಯಷ್ಟು ಭದ್ರವಲ್ಲ. ನಿಧಾನವಾಗಿ ಕಾಯಿಸಿದರೆ ಆವಿ ಅಲ್ಲಿಂದ ಮೆಲ್ಲಗೆ ಸೋರಿ ಹೋಗುತ್ತದೆ. 180 ಡಿಗ್ರಿ ತಲುಪುವ ಹೊತ್ತಿಗೆ ಒಳಗೆ ಬೇಕಾದಷ್ಟು ನೀರು ಉಳಿದಿರುವುದಿಲ್ಲ. ಆಮೇಲೆ ಎಷ್ಟು ಹೊತ್ತು ಇಟ್ಟರೂ ಆ ಕಾಳು ಕಂದಾಗುತ್ತದೆಯೇ ಹೊರತು ಅರಳುವುದಿಲ್ಲ.

ಹಾಗಂತ ದೊಡ್ಡ ಉರಿಯೂ ಸರಿಯಲ್ಲ. ಸಿಪ್ಪೆ ಬೇಗ ಕಾದು ಒಡೆಯುತ್ತದೆ, ಆದರೆ ನಡುಭಾಗದ ಪಿಷ್ಟ ಇನ್ನೂ ಬೆಂದಿರುವುದಿಲ್ಲ. ಹೊರಗೆ ಸ್ವಲ್ಪ ಬಿಳಿ, ಒಳಗೆ ಕಲ್ಲಿನಂಥ ಗಟ್ಟಿ. ಹಲ್ಲಿಗೆ ಅಪಾಯ ಮಾಡುವುದು ಈ ಅರ್ಧ ಅರಳಿದ ಕಾಳುಗಳೇ.

ಮಧ್ಯಮ ಉರಿ ಇರಲಿ. ಕಾಳು ಹಾಕಿ ಪಾತ್ರೆಯನ್ನು ಒಲೆಯ ಮೇಲಿಟ್ಟ ಮೇಲೆ ಒಂದೆರಡು ನಿಮಿಷದಲ್ಲಿ ಜೋರಾಗಿ ಸಿಡಿಯಲು ಶುರುವಾಗಬೇಕು, ಮೂರು ನಾಲ್ಕು ನಿಮಿಷದಲ್ಲಿ ಮುಗಿಯಬೇಕು. ಆರೇಳು ನಿಮಿಷ ಹಿಡಿದರೆ ನಿಮ್ಮ ಉರಿ ಕಮ್ಮಿ ಇದೆ.

ಊರಿಂದ ತಂದ ಒಣಗಿದ ಮೆಕ್ಕೆಜೋಳವನ್ನು ಹುರಿದರೆ ಪಾಪ್‌ಕಾರ್ನ್ ಆಗುತ್ತದಾ?

ಆಗುವುದಿಲ್ಲ. ದಾವಣಗೆರೆ, ಹಾವೇರಿ ಕಡೆ ಎಕರೆಗಟ್ಟಲೆ ಬೆಳೆಯುವ ಗೋವಿನಜೋಳ ಹೆಚ್ಚಾಗಿ ಕೋಳಿ ಮತ್ತು ದನಗಳ ಮೇವಿಗೆ ಹೋಗುವ ತಳಿ. ಅದರ ಸಿಪ್ಪೆ ಅಷ್ಟು ಒತ್ತಡ ತಡೆಯುವುದಿಲ್ಲ. ಬಿಸಿ ಮಾಡಿದರೆ ಬಿರುಕು ಬಿಟ್ಟು ಆವಿ ಹೊರಹೋಗುತ್ತದೆ, ಅಷ್ಟೇ. ಬೇಯಿಸಿ ತಿನ್ನುವ ಸ್ವೀಟ್ ಕಾರ್ನ್ ಒಣಗಿಸಿದರೂ ಅಷ್ಟೇ. ಅಂಗಡಿಯಲ್ಲಿ ‘ಪಾಪ್‌ಕಾರ್ನ್ ಕಾಳು’ ಅಂತಲೇ ಕೇಳಿ ತನ್ನಿ. ಅದು ಸಣ್ಣದಾಗಿ, ಗಟ್ಟಿಯಾಗಿ, ಹೊಳೆಯುತ್ತಾ ಇರುತ್ತದೆ.

ಬಿಳಿಜೋಳದ ಮಾತು ಬೇರೆ. ನಾಗರ ಪಂಚಮಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ಅಳ್ಳು ಹುರಿಯುತ್ತಾರೆ. ಹುರಿಯುವ ಮುಂಚೆ ಜೋಳಕ್ಕೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಡುವ ಪದ್ಧತಿ ಇದೆ. ಕಾಳಿನೊಳಗೆ ತೇವ ಇದ್ದರೆ ಮಾತ್ರ ಅರಳುತ್ತದೆ ಅನ್ನುವುದು ಆ ಮನೆಗಳ ಹೆಂಗಸರಿಗೆ ಚೆನ್ನಾಗಿ ಗೊತ್ತು. ಇದೇ ಉಪಾಯ ಮುಂದೆ ನಮಗೂ ಬೇಕಾಗುತ್ತದೆ.

ಒಲೆಯ ಮೇಲೆ ಮಾಡುವ ಸರಿಯಾದ ಕ್ರಮ ಹೇಳಿ. ಅಳತೆಯೂ ಬೇಕು.

5 ಲೀಟರ್ ಕುಕ್ಕರ್ ಅಥವಾ ದಪ್ಪ ತಳದ ಪಾತ್ರೆಗೆ 70 ಗ್ರಾಂ ಕಾಳು, ಅಂದರೆ ಕಪ್ಪಿನ ಮೂರನೇ ಒಂದು ಭಾಗ ಸಾಕು. ನೋಡಲು ತೀರಾ ಕಮ್ಮಿ ಅನಿಸುತ್ತದೆ. ಆದರೆ ಚೆನ್ನಾಗಿ ಅರಳಿದರೆ ಎರಡೂವರೆ ಲೀಟರಿನಷ್ಟು ಜಾಗ ತುಂಬುತ್ತದೆ. 3 ಲೀಟರ್ ಕುಕ್ಕರ್ ಆದರೆ 50 ಗ್ರಾಂ, ಅಂದರೆ ಕಾಲು ಕಪ್. ತಳದಲ್ಲಿ ಕಾಳು ಒಂದೇ ಪದರವಾಗಿ ಹರಡಬೇಕು, ಒಂದರ ಮೇಲೊಂದು ಕೂರಬಾರದು. ಜಾಸ್ತಿ ಬೇಕಿದ್ದರೆ ಎರಡು ಸಲ ಮಾಡಿ.

ಪಾತ್ರೆಗೆ ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಅದರಲ್ಲಿ ಮೂರೇ ಮೂರು ಕಾಳು ಬಿಡಿ. ಮುಚ್ಚಿ ಮಧ್ಯಮ ಉರಿಯಲ್ಲಿ ಇಡಿ. ಆ ಮೂರೂ ಸಿಡಿದರೆ ಎಣ್ಣೆ ಸರಿಯಾಗಿ ಕಾದಿದೆ ಅಂತ ಅರ್ಥ. ಥರ್ಮಾಮೀಟರ್ ಬೇಕಿಲ್ಲ.

ಈಗ ಪಾತ್ರೆಯನ್ನು ಒಲೆಯಿಂದ ಇಳಿಸಿ. ಉಳಿದ ಕಾಳೆಲ್ಲಾ ಸುರಿದು, ಮುಚ್ಚಿ, ಒಂದು ಸಲ ಅಲ್ಲಾಡಿಸಿ 30 ಸೆಕೆಂಡ್ ಸುಮ್ನೆ ಬಿಡಿ. ಬಾಯಲ್ಲೇ ಮೂವತ್ತರವರೆಗೆ ಎಣಿಸಿದರಾಯಿತು. ಮತ್ತೆ ಅದೇ ಮಧ್ಯಮ ಉರಿಗೆ ಇಡಿ. ಸ್ವಲ್ಪ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲಾ ಕಾಳೂ ಒಟ್ಟಿಗೆ ಸಿಡಿಯಲು ಶುರು ಮಾಡುತ್ತವೆ. ಆಗ ಎರಡೂ ಹಿಡಿ ಹಿಡಿದು ಐದಾರು ಸೆಕೆಂಡಿಗೊಮ್ಮೆ ಪಾತ್ರೆ ಅಲ್ಲಾಡಿಸಿ. ಅರಳಿದ್ದು ಹಗುರ, ಮೇಲೆ ಬರುತ್ತದೆ. ಅರಳದ ಕಾಳು ಭಾರ, ಬಿಸಿ ತಳಕ್ಕೆ ಇಳಿಯುತ್ತದೆ. ಅಲ್ಲಾಡಿಸುವುದರಿಂದ ಇಷ್ಟು ಲಾಭ ಇದೆ.

ಸದ್ದು ನಿಧಾನವಾದ ಕೂಡಲೇ ಒಲೆ ಆರಿಸಿ ಅಗಲವಾದ ಬೋಗುಣಿಗೆ ಸುರಿದುಬಿಡಿ. ಪಾತ್ರೆಯಲ್ಲೇ ಬಿಡಬೇಡಿ. ದಪ್ಪ ತಳ ಒಲೆ ಆರಿದ ಮೇಲೂ ಸಾಕಷ್ಟು ಹೊತ್ತು ಬಿಸಿ ಇರುತ್ತದೆ. ಬಹಳ ಸಲ ಸೀಯುವುದು ಆಗಲೇ.

ಆ 30 ಸೆಕೆಂಡ್ ಬಿಡುವುದು ನಿಜವಾಗಿಯೂ ಬೇಕಾ?

ಬೇಕು. ನನ್ನನ್ನು ಕೇಳಿದರೆ ಇಡೀ ಕ್ರಮದಲ್ಲಿ ಬಿಡಲೇಬಾರದ ಹೆಜ್ಜೆ ಇದು. ಕಾದ ಎಣ್ಣೆಗೆ ತಣ್ಣನೆ ಕಾಳು ಬಿದ್ದ ತಕ್ಷಣ ಎಣ್ಣೆಯ ಬಿಸಿ ಇಳಿಯುತ್ತದೆ, ಕಾಳಿನ ಬಿಸಿ ಏರುತ್ತದೆ. ಕೆಳಗೆ ಉರಿ ಇಲ್ಲದ್ದರಿಂದ ಯಾವ ಕಾಳೂ ಮುಂದೋಡಿ ಸಿಡಿಯುವುದಿಲ್ಲ. ಅರ್ಧ ನಿಮಿಷದಲ್ಲಿ ಎಲ್ಲವೂ ಸಿಡಿಯುವ ಬಿಸಿಗಿಂತ ಕೆಳಗೆ, ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಮತ್ತೆ ಉರಿಗಿಟ್ಟಾಗ ಎಲ್ಲವೂ ಒಟ್ಟಿಗೆ 180 ಡಿಗ್ರಿಯತ್ತ ಹೊರಡುತ್ತವೆ. ಮೊದಲ ಕಾಳಿಗೂ ಕೊನೆಯ ಕಾಳಿಗೂ ನಡುವಿನ ಸಮಯ ಕಮ್ಮಿಯಾದಷ್ಟೂ ಸೀಯುವುದೂ ಕಮ್ಮಿ, ಉಳಿಯುವುದೂ ಕಮ್ಮಿ.

ಯಾವ ಎಣ್ಣೆ ಒಳ್ಳೆಯದು? ಬೆಣ್ಣೆಯಲ್ಲೇ ಮಾಡಬಹುದಾ?

ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದಾದರೂ ಆಗುತ್ತದೆ. ರಿಫೈನ್ಡ್ ಆದರೆ ಹೊಗೆ ಬರುವುದು ತಡ. ತುಪ್ಪವೂ ಚೆನ್ನಾಗಿಯೇ ಇರುತ್ತದೆ, ಘಮವೂ ಬರುತ್ತದೆ. ಬೆಣ್ಣೆ ಮಾತ್ರ ಬೇಡ. ಅದರಲ್ಲಿ ನೀರಿನ ಜೊತೆ ಹಾಲಿನ ಅಂಶವೂ ಇರುತ್ತದೆ. ಕಾಳು ಸಿಡಿಯುವ ಬಿಸಿ ಬರುವ ಮೊದಲೇ ಆ ಹಾಲಿನ ಅಂಶ ಕಪ್ಪಾಗುತ್ತದೆ. ಬೆಣ್ಣೆ ಬೇಕೇ ಬೇಕು ಅನ್ನುವವರು ಬೇರೆ ಕರಗಿಸಿ ಕೊನೆಗೆ ಮೇಲೆ ಹಾಕಿ.

ಎಣ್ಣೆ ಕಮ್ಮಿ ಮಾಡುತ್ತಾ ಹೋದರೆ ಕಾಳು ಉಳಿಯುವುದು ಜಾಸ್ತಿಯಾಗುತ್ತದೆ. ಎಣ್ಣೆ ಇರುವುದು ರುಚಿಗಷ್ಟೇ ಅಲ್ಲ. ಕಾಳಿನ ಸುತ್ತ ಮೆತ್ತಿಕೊಂಡು ಎಲ್ಲಾ ಕಡೆಯಿಂದ ಬಿಸಿ ಮುಟ್ಟಿಸುವ ಕೆಲಸ ಅದರದ್ದು. ಜಾತ್ರೆಯಲ್ಲಿ ಬಾಣಲೆ ಇಟ್ಟು ಹುರಿಯುವವರು ಎಣ್ಣೆಯ ಬದಲು ಕಾದ ಉಪ್ಪು ಅಥವಾ ಮರಳು ಬಳಸುತ್ತಾರೆ, ಅಲ್ಲಿಯೂ ಕಾರಣ ಇದೇ.

ಕುಕ್ಕರ್‌ನಲ್ಲಿ ಮಾಡುವಾಗ ಮುಚ್ಚಳ ಹಾಕಿ ಬಿಗಿಯಬೇಕಾ?

ಬೇಡವೇ ಬೇಡ. ರಬ್ಬರ್ ಮತ್ತು ವಿಸಿಲ್ ಎರಡನ್ನೂ ತೆಗೆಯಿರಿ. ಮುಚ್ಚಳವನ್ನು ಸುಮ್ಮನೆ ಮೇಲೆ ಇಡಿ, ಲಾಕ್ ಮಾಡಬೇಡಿ. ಒಳಗೆ ನೀರಿಲ್ಲದೆ, ಬರೀ ಬಿಸಿ ಎಣ್ಣೆ ಇಟ್ಟುಕೊಂಡು ಕುಕ್ಕರ್ ಬಿಗಿಯುವುದು ಅಪಾಯ. ಸಿಡಿದ ಚೂರು ಆವಿಯ ದಾರಿಯನ್ನು ಮುಚ್ಚಿಬಿಡಬಹುದು. ಕುಕ್ಕರ್ ಮುಚ್ಚಳ ಸರಿಯಾಗಿ ಕೂರದಿದ್ದರೆ ಅದಕ್ಕಿಂತ ಅಗಲದ ತಟ್ಟೆ ಮುಚ್ಚಿದರೂ ಸಾಕು.

ಸಿಡಿತ ಜೋರಾದ ಮೇಲೆ ಮುಚ್ಚಳವನ್ನು ಕೂದಲೆಳೆಯಷ್ಟು ಓರೆ ಮಾಡಿ. ಪ್ರತಿ ಕಾಳಿನಿಂದಲೂ ಆವಿ ಬರುತ್ತಿರುತ್ತದೆ. ಅದು ಹೊರಹೋಗದಿದ್ದರೆ ಅರಳಿದ್ದು ಅದನ್ನೇ ಹೀರಿಕೊಂಡು ಚರ್ಮದ ಹಾಗೆ ಜಿಗಿಯಾಗುತ್ತದೆ. ಓರೆ ಮಾಡಿದ ಬಾಯಿ ನಿಮ್ಮ ಮುಖದ ಕಡೆ ಇರದಂತೆ ನೋಡಿಕೊಳ್ಳಿ.

ಇಂಡಕ್ಷನ್ ಒಲೆಯಲ್ಲಿ ಯಾಕೋ ಚೆನ್ನಾಗಿ ಬರುವುದಿಲ್ಲ.

ಎರಡು ಕಾರಣ ಇರಬಹುದು. ಬಹಳಷ್ಟು ಇಂಡಕ್ಷನ್ ಒಲೆಗಳು ಕಡಿಮೆ ಪವರ್‌ನಲ್ಲಿ ಒಂದೇ ಸಮ ಬಿಸಿ ಕೊಡುವುದಿಲ್ಲ. ಕೆಲವು ಸೆಕೆಂಡ್ ಪೂರ್ತಿ ಬಿಸಿ, ಕೆಲವು ಸೆಕೆಂಡ್ ಬಂದ್. ಹಾಗಾಗಿ 1000ದಿಂದ 1200 ವಾಟ್‌ನಲ್ಲಿ ಇಡಿ, ತೀರಾ ಕೆಳಗೆ ಇಳಿಸಬೇಡಿ. ಇನ್ನೊಂದು, ಅಲ್ಲಾಡಿಸಲು ಪಾತ್ರೆ ಎತ್ತಿದ ಕೂಡಲೇ ಒಲೆ ಪಾತ್ರೆ ಇಲ್ಲ ಅಂತ ಬಿಸಿ ನಿಲ್ಲಿಸುತ್ತದೆ. ಎತ್ತದೆ, ಗಾಜಿನ ಮೇಲೆಯೇ ಸ್ವಲ್ಪ ಹಿಂದೆ ಮುಂದೆ ಸರಿಸಿ. ಗಾಜು ಗೀರಬಹುದು ಅನಿಸಿದರೆ ಅಡಿಯಲ್ಲಿ ಏನನ್ನೂ ಹಾಸಲು ಹೋಗಬೇಡಿ. ಬೇಗ ಎತ್ತಿ ಕುಲುಕಿ, ಕೂಡಲೇ ಇಡಿ. ಎರಡು ಮೂರು ಸೆಕೆಂಡಿಗೆ ಏನೂ ಆಗುವುದಿಲ್ಲ.

ಯಾವಾಗ ಇಳಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಕಿವಿಯಿಂದ. ಮೊದಲು ಒಂದೊಂದೇ ಸದ್ದು. ಆಮೇಲೆ ಎಣಿಸಲಾಗದಷ್ಟು ಒತ್ತಾಗಿ ಪಟಪಟ. ನಂತರ ಮತ್ತೆ ಬಿಡಿ ಬಿಡಿ. ಒಂದು ಸದ್ದಿಗೂ ಇನ್ನೊಂದಕ್ಕೂ ಎರಡು ಸೆಕೆಂಡ್ ಅಂತರ ಬಂತು ಅಂದರೆ ಇಳಿಸಿ. ಇನ್ನೂ ನಾಲ್ಕು ಕಾಳು ಅರಳಬಹುದು ಅಂತ ಕಾಯಬೇಡಿ. ಆ ನಾಲ್ಕು ಕಾಳಿಗಾಗಿ ಕಾದರೆ ತಳದಲ್ಲಿ ನಲವತ್ತು ಸೀಯುತ್ತವೆ. ಸೀದ ವಾಸನೆಯನ್ನು ಮಿಕ್ಕದ್ದೆಲ್ಲಾ ಹೀರಿಕೊಳ್ಳುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಟಿವಿ, ಮಿಕ್ಸಿ, ಎಗ್ಸಾಸ್ಟ್ ಫ್ಯಾನ್ ಆ ಮೂರು ನಿಮಿಷ ಬಂದ್ ಇರಲಿ.

ಎಲ್ಲಾ ಸರಿಯಾಗಿ ಮಾಡಿದರೂ ಕಾಳು ಉಳಿಯುತ್ತಿವೆ. ತಪ್ಪು ನನ್ನದಾ, ಕಾಳಿನದಾ?

ಮೊದಲು ಎಣಿಸಿ ನೋಡಿ. ಮಧ್ಯಮ ಗಾತ್ರದ್ದಾದರೆ 70 ಗ್ರಾಂನಲ್ಲಿ ಸುಮಾರು 500 ಕಾಳು ಇರುತ್ತವೆ. ಇಪ್ಪತ್ತು ಇಪ್ಪತ್ತೈದು ಉಳಿದರೆ ಚಿಂತೆ ಬೇಡ, ಅದು ಒಳ್ಳೆಯ ಫಲಿತಾಂಶವೇ. ಕೆಲವು ಕಾಳಿನ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ. ಅವನ್ನು ಯಾರೂ ಅರಳಿಸಲಾರರು. ಐವತ್ತು, ಅರವತ್ತು ಉಳಿಯುತ್ತಿದ್ದರೆ ಕಾರಣ ಹುಡುಕಬೇಕು.

ಉಳಿದ ಕಾಳನ್ನು ಬಿಳಿ ತಟ್ಟೆಗೆ ಹಾಕಿ ನೋಡಿ. ಹೆಚ್ಚಿನವು ಬಣ್ಣ ಬದಲಾಗದೆ ಹೊಸ ಕಾಳಿನ ಹಾಗೇ ಇದ್ದರೆ ಅವಕ್ಕೆ ಬಿಸಿಯೇ ಮುಟ್ಟಿಲ್ಲ. ಕಾಳು ಜಾಸ್ತಿ ಹಾಕಿದ್ದೀರಿ, ಅಲ್ಲಾಡಿಸಿಲ್ಲ, ಇಲ್ಲವೇ ಬೇಗ ಇಳಿಸಿದ್ದೀರಿ. ಹೆಚ್ಚಿನವು ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಬಿಳಿ ಗೆರೆ ಮಾತ್ರ ಕಾಣುತ್ತಿದ್ದರೆ ಉರಿ ಜಾಸ್ತಿಯಾಗಿರಬಹುದು. ಎಲ್ಲವೂ ಚೆನ್ನಾಗಿ ಕಂದಾಗಿವೆ, ಆದರೂ ಇಡಿಯಾಗಿ ಉಳಿದಿವೆ ಅಂದರೆ ಅವು ಒಣಗಿದ ಕಾಳು. ಅರಳಿದವೂ ಸಣ್ಣ ಸಣ್ಣದಾಗಿದ್ದರೆ ಇದು ಇನ್ನೂ ಖಚಿತ. ನಿಧಾನ ಉರಿಯಲ್ಲಿ ಮಾಡಿದರೂ ಹೀಗೇ ಕಾಣುತ್ತದೆ. ಆದ್ದರಿಂದ ಉರಿ ಸರಿಮಾಡಿ ಇನ್ನೊಂದು ಸಲ ಮಾಡಿ ನೋಡಿದ ಮೇಲೆ ಕಾಳನ್ನು ದೂರಿ.

ಒಣಗಿದ ಕಾಳನ್ನು ಎಸೆಯಬೇಕಾ?

ಬೇಡ, ನೀರು ಕೊಟ್ಟರೆ ಸರಿಹೋಗುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಲಬುರಗಿಯ ಬೇಸಿಗೆಯಲ್ಲಿ ಅರ್ಧ ಕೆಜಿ ಪ್ಯಾಕೆಟ್ ಒಡೆದು ಬಾಯಿ ಕಟ್ಟದೆ ಇಟ್ಟಿದ್ದಾರೆ ಅಂದುಕೊಳ್ಳಿ. ತಂದಾಗ 500 ಗ್ರಾಂ. ಅದರಲ್ಲಿ 14%, ಅಂದರೆ 70 ಗ್ರಾಂ ನೀರು, 430 ಗ್ರಾಂ ಒಣ ಭಾಗ. ಗಾಳಿಗೆ ಒಣಗಿ ತೇವ 11%ಕ್ಕೆ ಇಳಿಯಿತು. ಒಣ ಭಾಗ ಅಷ್ಟೇ ಇರುತ್ತದೆ, ಒಟ್ಟು ತೂಕ ಸುಮಾರು 483 ಗ್ರಾಂ ಆಗುತ್ತದೆ. ಕಳೆದುಹೋದದ್ದು ಬರೀ 17 ಗ್ರಾಂ ನೀರು. ಒಂದು ದೊಡ್ಡ ಚಮಚಕ್ಕಿಂತ ಚೂರೇ ಚೂರು ಜಾಸ್ತಿ. ಅಷ್ಟಕ್ಕೇ ಇಡೀ ಪ್ಯಾಕೆಟ್ ಕೆಟ್ಟಿದೆ ಅನ್ನುವ ಹಾಗಾಗುತ್ತದೆ.

ಸರಿಮಾಡುವುದು ಹೀಗೆ. ಕಾಳನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ. ಮುಕ್ಕಾಲು ಭಾಗ ಮಾತ್ರ ತುಂಬಲಿ, ಕುಲುಕಲು ಜಾಗ ಬೇಕು. ಅರ್ಧ ಕೆಜಿಗೆ ಒಂದು ದೊಡ್ಡ ಚಮಚ ನೀರು ಹಾಕಿ ಮುಚ್ಚಿ, ಎಲ್ಲಾ ಕಾಳೂ ಒದ್ದೆಯಾಗುವಂತೆ ಚೆನ್ನಾಗಿ ಕುಲುಕಿ. ಮೊದಲ ದಿನ ಆಗಾಗ ಕುಲುಕುತ್ತಿರಿ. ಹೊರಗೆ ಒದ್ದೆ ಕಾಣುವುದು ಬೇಗ ಹೋಗುತ್ತದೆ, ಆದರೆ ನೀರು ನಡುಭಾಗಕ್ಕೆ ಇಳಿಯಲು ಎರಡು ಮೂರು ದಿನ ಬೇಕು. ಅವತ್ತೇ ಹುರಿದರೆ ಪ್ರಯೋಜನವಿಲ್ಲ. ಮೂರನೇ ದಿನ ಒಂದು ಹಿಡಿ ಹುರಿದು ನೋಡಿ. ಸುಧಾರಿಸಿದೆ, ಆದರೂ ಸಾಲದು ಅನಿಸಿದರೆ ಇನ್ನೊಂದು ಸಣ್ಣ ಚಮಚ ನೀರು ಹಾಕಿ ಮತ್ತೆರಡು ದಿನ ಬಿಡಿ. ಒಂದೇ ಸಲಕ್ಕೆ ಜಾಸ್ತಿ ಸುರಿದರೆ ಬೂಷ್ಟು ಹಿಡಿಯುತ್ತದೆ.

ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬೇಡಿ. ಫ್ರಿಜ್ ಒಳಗಿನ ಗಾಳಿ ಒಣ, ಮುಚ್ಚಳ ತುಸು ಸಡಿಲವಿದ್ದರೂ ಕಾಳು ಒಣಗುತ್ತದೆ. ಒಲೆಯಿಂದ ದೂರ, ನೆರಳಿನ ಕಪಾಟು ಸಾಕು.

ಮಂಗಳೂರಿನ ಮಳೆಗಾಲದಲ್ಲಿ ನಮ್ಮ ಕಾಳು ಅರಳುತ್ತದೆ, ಆದರೆ ಚಿಕ್ಕದಾಗಿ, ಜಗಿಯುವ ಹಾಗೆ ಬರುತ್ತದೆ. ಯಾಕೆ?

ಇದು ಉಲ್ಟಾ ಕೇಸು. ಕಾಳು ತೇವ ಜಾಸ್ತಿ ಹೀರಿದೆ. ಆಗ ಸಿಪ್ಪೆ ಮೆತ್ತಗಾಗಿ ಒತ್ತಡ ಪೂರ್ತಿ ಏರುವ ಮೊದಲೇ ಒಡೆಯುತ್ತದೆ. ಹೂವು ಬಿಚ್ಚುವುದಿಲ್ಲ, ಗಟ್ಟಿ ಉಂಡೆಯಾಗುತ್ತದೆ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಒಂದು ದಿನ ಇಟ್ಟು, ಸ್ವಲ್ಪ ಹುರಿದು ನೋಡಿ. ಬಿಸಿಲಿಗೆ ಅಥವಾ ಬಾಣಲೆಗೆ ಹಾಕಿ ಒಣಗಿಸಬೇಡಿ, ಸಿಪ್ಪೆ ಬಿರಿಯುತ್ತದೆ.

ಮೈಕ್ರೋವೇವ್‌ನಲ್ಲಿ ಬಿಡಿ ಕಾಳನ್ನೇ ಅರಳಿಸಬಹುದಾ?

ಖಂಡಿತ. ಮೈಕ್ರೋವೇವ್ ಅಡುಗೆಯ ಕಥೆಯಲ್ಲಿ ಪಾಪ್‌ಕಾರ್ನ್ ಮೊದಲಿನಿಂದಲೂ ಇದೆ. ಅಮೆರಿಕದ ರೇಥಿಯಾನ್ ಕಂಪನಿಯ ಎಂಜಿನಿಯರ್ ಪರ್ಸಿ ಸ್ಪೆನ್ಸರ್ 1945ರ ಸುಮಾರಿಗೆ ರೇಡಾರ್ ಉಪಕರಣದ ಅಲೆಗಳಿಂದ ಬೇಯಿಸಿ ನೋಡಿದ ಮೊದಮೊದಲ ವಸ್ತುಗಳಲ್ಲಿ ಇದೂ ಒಂದು.

ಆದರೂ ಒಲೆಗಿಂತ ಇಲ್ಲಿ ಕಾಳು ಸ್ವಲ್ಪ ಜಾಸ್ತಿಯೇ ಉಳಿಯುತ್ತದೆ. ಅಲೆಗಳು ಒಳಗೆ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ. ಜೊತೆಗೆ ಕಾಳಿನಲ್ಲಿ ನೀರು ಕಮ್ಮಿ, ಅದು ಅಲೆಯನ್ನು ಹೀರುವುದೂ ನಿಧಾನ. ಕಾಳುಗಳು ಒತ್ತೊತ್ತಾಗಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ ಸಿಗುತ್ತದೆ. ಅದಕ್ಕೇ ಅಗಲ ತಳದ ಪಾತ್ರೆ ಬೇಡ. ತಳ ಕಿರಿದಾಗಿ ಮೇಲೆ ಅಗಲವಾಗುವ, ಎರಡೂವರೆ ಲೀಟರಿನ ಬೊರೊಸಿಲಿಕೇಟ್ ಗಾಜಿನ ಬೌಲ್ ತೆಗೆದುಕೊಳ್ಳಿ. 50 ಗ್ರಾಂ ಕಾಳಿಗೆ ಒಂದು ಸಣ್ಣ ಚಮಚ ಎಣ್ಣೆ ಸವರಿ, ಮೈಕ್ರೋವೇವ್‌ಗೆ ಆಗುವ ತಟ್ಟೆ ಮುಚ್ಚಿ. ಪೂರ್ತಿ ಪವರ್‌ನಲ್ಲಿ ಇಡಿ. 800 ವಾಟ್ ಆದರೆ ಮೂರರಿಂದ ನಾಲ್ಕು ನಿಮಿಷ. ಟೈಮರ್ 5 ನಿಮಿಷಕ್ಕೆ ಇಟ್ಟು, ಮುಂದೆಯೇ ನಿಂತು, ಎರಡು ಸೆಕೆಂಡ್ ಅಂತರ ಕೇಳಿದ ಕೂಡಲೇ ನಿಲ್ಲಿಸಿ. ಬೌಲ್ ಕೈ ಸುಡುವಷ್ಟು ಕಾದಿರುತ್ತದೆ, ದಪ್ಪ ಬಟ್ಟೆ ಬೇಕು. ಒದ್ದೆ ಜಾಗದ ಮೇಲೆ ಇಟ್ಟರೆ ಗಾಜು ಸೀಳಬಹುದು.

ಪ್ಲಾಸ್ಟಿಕ್ ಡಬ್ಬ ಬೇಡ, ‘ಮೈಕ್ರೋವೇವ್ ಸೇಫ್’ ಅಂತ ಬರೆದಿದ್ದರೂ 180 ಡಿಗ್ರಿಯ ಕಾಳು ತಾಗಿದ ಕಡೆ ಕರಗಬಹುದು. ಅಂಗಡಿಯ ಕಂದು ಕಾಗದದ ಚೀಲವೂ ಬೇಡ. ಅಮೆರಿಕದ ಕೃಷಿ ಇಲಾಖೆಯೂ ಅದನ್ನು ಮೈಕ್ರೋವೇವ್‌ನಲ್ಲಿ ಬಳಸಬೇಡಿ ಅನ್ನುತ್ತದೆ. ಮರುಬಳಕೆಯ ಕಾಗದದಲ್ಲಿ ಲೋಹದ ಚೂರಿದ್ದರೆ ಕಿಡಿ ಹೊತ್ತಿಕೊಳ್ಳುತ್ತದೆ.

ಮೈಕ್ರೋವೇವ್ ಪ್ಯಾಕೆಟ್ ಯಾವಾಗಲೂ ನಡುವೆ ಸೀಯುತ್ತದೆ. ಪಾಪ್‌ಕಾರ್ನ್ ಬಟನ್ ಒತ್ತಿದರೂ ಅಷ್ಟೇ.

ಪ್ಯಾಕೆಟ್‌ನ ಒಂದು ಬದಿಯ ಕಾಗದದೊಳಗೆ ಲೋಹದ ತೆಳು ಪದರ ಇರುತ್ತದೆ. ಅಲೆ ಹೀರಿ ಕಾಯುವುದು ಅದರ ಕೆಲಸ, ಒಲೆಯ ತಳದ ಹಾಗೆ ಕಾಳಿಗೆ ನೇರ ಬಿಸಿ ಕೊಡುತ್ತದೆ. ಪ್ಯಾಕೆಟ್ ಉಲ್ಟಾ ಇಟ್ಟರೆ ಕಾಳಿಗೂ ಆ ಪದರಕ್ಕೂ ಸಂಬಂಧವೇ ತಪ್ಪುತ್ತದೆ. ‘ಈ ಬದಿ ಮೇಲೆ’ ಅಂತ ಬರೆದದ್ದನ್ನು ಪಾಲಿಸಲೇಬೇಕು. ಪೂರ್ತಿ ಬಿಡಿಸಿ, ನಡುವಿನಲ್ಲಿ ಇಡಿ. ಪ್ಯಾಕೆಟ್ ಉಬ್ಬಿ ಗೋಡೆಗೆ ತಾಗಿ ತಿರುಗುವುದು ನಿಂತರೆ ಒಂದೇ ಜಾಗ ಕಾದು ಸೀಯುತ್ತದೆ. ಅದನ್ನೂ ನೋಡುತ್ತಿರಿ.

ಪಾಪ್‌ಕಾರ್ನ್ ಬಟನ್ ಹಲವು ಮಾಡೆಲ್‌ಗಳಲ್ಲಿ ಬರೀ ಮೊದಲೇ ಹೊಂದಿಸಿದ ಸಮಯ, ಅಷ್ಟೇ. ನಿಮ್ಮ ಪ್ಯಾಕೆಟ್ ಎಷ್ಟು ಗ್ರಾಂ ಅಂತ ಅದಕ್ಕೆ ಗೊತ್ತಿಲ್ಲ. ಪ್ಯಾಕೆಟ್ ಮೇಲೆ ಹೇಳಿದ ಸಮಯವೂ ಒಂದು ಅಂದಾಜು. 700 ವಾಟ್‌ಗೂ 1000 ವಾಟ್‌ಗೂ ಒಂದು ನಿಮಿಷದಷ್ಟು ವ್ಯತ್ಯಾಸ ಬರಬಹುದು. ನಮ್ಮಲ್ಲಿ ಸಂಜೆ ಹೊತ್ತು ವೋಲ್ಟೇಜ್ ಇಳಿದರೆ ಅದೇ ಮೈಕ್ರೋವೇವ್ ಕಡಿಮೆ ಶಕ್ತಿ ಕೊಡುತ್ತದೆ, ಸಮಯ ಜಾಸ್ತಿ ಹಿಡಿಯುತ್ತದೆ. ಬೆಳಗ್ಗೆ ಸರಿಯಾಗಿ ಬಂದ ಸಮಯ ಸಂಜೆಗೆ ಬರುವುದಿಲ್ಲ. ಇಲ್ಲೂ ಕಿವಿಯನ್ನೇ ನಂಬಿ.

ಕನ್ವೆಕ್ಷನ್ ಮೋಡ್‌ನಲ್ಲಿ ಇಟ್ಟರೆ ಚೆನ್ನಾಗಿ ಗರಿಗರಿ ಆಗುತ್ತದಾ?

ಪ್ಯಾಕೆಟ್ ಆದರೆ ಇಡಲೇಬೇಡಿ. ಕನ್ವೆಕ್ಷನ್ ಮತ್ತು ಗ್ರಿಲ್‌ನಲ್ಲಿ ಕಾಯಿಲ್ ಕಾಯುತ್ತದೆ, ಕಾಗದ ಹೊತ್ತಿಕೊಳ್ಳಬಹುದು. ಮೈಕ್ರೋ ಮೋಡ್ ಮಾತ್ರ. ಸ್ವಲ್ಪ ಮುಂಚೆ ಕನ್ವೆಕ್ಷನ್‌ನಲ್ಲಿ ಕೇಕ್ ಮಾಡಿದ್ದರೆ ಒಳಗೆ ಆರುವವರೆಗೆ ಕಾಯಿರಿ.

ಪ್ಯಾಕೆಟ್‌ನಲ್ಲಿ ಉಳಿದ ಕಾಳನ್ನು ಮತ್ತೆ ಮೈಕ್ರೋವೇವ್‌ಗೆ ಇಡಬಹುದಾ?

ಬೇಡ. ಉಳಿದಿರುವುದು ಸ್ವಲ್ಪವೇ ಕಾಳು, ಅದರ ನೀರೂ ಬಹುಪಾಲು ಹೋಗಿದೆ. ಪೂರ್ತಿ ಬಿಸಿ ಎಣ್ಣೆ ಮತ್ತು ಕಾಗದದ ಮೇಲೆ ಬೀಳುತ್ತದೆ. ಬೆಂಕಿ ಹತ್ತುವುದು ಹೀಗೆಯೇ. ಅಕಸ್ಮಾತ್ ಹೊತ್ತಿಕೊಂಡರೆ ಬಾಗಿಲು ತೆರೆಯಬೇಡಿ. ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ, ಗಾಳಿ ಸಿಗದೆ ತಾನೇ ನಂದುತ್ತದೆ.

ಉಪ್ಪು, ಅರಿಶಿನ, ಖಾರ ಯಾವಾಗ ಹಾಕಬೇಕು?

ಅರಿಶಿನ ಎಣ್ಣೆಗೇ ಹಾಕಿ, ಒಂದು ಚಿಟಿಕೆ, ಕಾಳು ಸುರಿಯುವಾಗ. ಖಾರದ ಪುಡಿಯನ್ನು ಆಗ ಹಾಕಿದರೆ ಸೀದು ಘಾಟು ಬರುತ್ತದೆ, ಅದು ಕೊನೆಗೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಹರಳು ದಪ್ಪವಿದ್ದರೆ ಹೂವಿಗೆ ಅಂಟದೆ ತಳಕ್ಕೆ ಉದುರುತ್ತದೆ. ಪುಡಿ ಉಪ್ಪನ್ನೇ ಒಣ ಮಿಕ್ಸಿ ಜಾರಿನಲ್ಲಿ ಇನ್ನೊಂದು ಸುತ್ತು ನುಣ್ಣಗೆ ಮಾಡಿ, ಬಿಸಿ ಇರುವಾಗಲೇ ಉದುರಿಸಿ. ಸಕ್ಕರೆಯನ್ನು ಕಾಳಿನ ಜೊತೆ ಹಾಕಬೇಡಿ. ಕಾಳು ಅರಳುವ ಹೊತ್ತಿಗೆ ಅದು ಕರಗಿ ಕಂದಾಗಿ, ಇನ್ನು ಸ್ವಲ್ಪದರಲ್ಲೇ ಕಪ್ಪಾಗುತ್ತದೆ. ಸಿಹಿ ಬೇಕಿದ್ದರೆ ಬೆಲ್ಲದ ಪಾಕ ಬೇರೆ ಮಾಡಿ ಅರಳಿದ ಮೇಲೆ ಕಲಸಿ.

ಮಾರನೇ ದಿನಕ್ಕೆ ಮೆತ್ತಗಾದರೆ ಮತ್ತೆ ಗರಿಗರಿ ಮಾಡಬಹುದಾ?

ಮಾಡಬಹುದು. ಅದು ಗಾಳಿಯ ತೇವ ಹೀರಿಕೊಂಡಿದೆ, ಅಷ್ಟೇ. ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ಹಾಕಿ ಎರಡು ಮೂರು ನಿಮಿಷ ಕೈಯಾಡಿಸಿ. ಬಾಣಲೆಯಲ್ಲಿರುವಾಗ ಮೆತ್ತಗೇ ಕಾಣುತ್ತದೆ, ತಟ್ಟೆಗೆ ಹರಡಿ ಆರಿದ ಮೇಲೆ ಗರಿಯಾಗುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಇನ್ನೂ ಜಿಗಿಯಾಗಬಹುದು. ಡಬ್ಬಿಗೆ ತುಂಬುವುದಿದ್ದರೆ ಪೂರ್ತಿ ತಣ್ಣಗಾದ ಮೇಲೆ ತುಂಬಿ.